ಬಾಣಂತಿಯ ಕೂದಲು ಉದುರುವಾಗ ಯಾವ ಕಟ್ ಮಾಡಿಸಬೇಕು, ಯಾವ ತಿಂಗಳಲ್ಲಿ?

ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮಳೆ ಹಿಡಿದುಕೊಂಡಿತ್ತು. ನನ್ನ ಅಕ್ಕನ ಮಗಳು ಪಾರ್ಲರಿಗೆ ಬಂದವಳೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕನ್ನಡಿ ಮುಂದೆ ಇಟ್ಟಳು. ಒಳಗೆ ಒಂದು ಮುಷ್ಟಿ ಕೂದಲು. ನಮ್ಮಜ್ಜಿಯ ಕೈಗೆ ಸಿಕ್ಕಿದ್ದರೆ ಅದರಲ್ಲೊಂದು ಚೌರಿ ಕಟ್ಟಿಸುತ್ತಿದ್ದಳು.

"ಚಿಕ್ಕಮ್ಮಾ, ನೋಡು, ಇದು ಒಂದೇ ಸಲಕ್ಕೆ ಬಂದಿದ್ದು. ಹೀಗೇ ಆದ್ರೆ ತಲೇಲಿ ಏನೂ ಉಳಿಯಲ್ಲ. ಬಾಬ್ ಕಟ್ ಮಾಡಿಬಿಡು" ಅಂದಳು.

ಮಗುವಿಗೆ ಆಗ ಮೂರೂವರೆ ತಿಂಗಳು. ಹೆರಿಗೆ ಮಾರ್ಚ್ ನಡುವಿನಲ್ಲಿ ಆಗಿತ್ತು. ಮೂರು ತಿಂಗಳು ಹೊಸನಗರದ ಕಡೆಯ ನಮ್ಮ ಊರಿನಲ್ಲಿ ಬಾಣಂತನ. ಆಷಾಢ ಹುಟ್ಟುವುದರೊಳಗೆ ಕಳಿಸಿಬಿಡೋಣ ಅಂತ ಅಕ್ಕ ಅವಸರ ಮಾಡಿ ಶಿವಮೊಗ್ಗದ ಗಂಡನ ಮನೆಗೆ ಬಿಟ್ಟುಹೋಗಿದ್ದಳು. ಅಲ್ಲಿ ಹೋಗಿ ಎರಡು ವಾರಕ್ಕೆ ಕೂದಲು ಉದುರಲು ಶುರು. ಅಕ್ಕನ ಪ್ರಕಾರ ಅದು ಶಿವಮೊಗ್ಗದ ನೀರಿನ ದೋಷ. ಅತ್ತೆಯ ಪ್ರಕಾರ ತವರಿನಲ್ಲಿ ಸರಿಯಾಗಿ ಎಣ್ಣೆ ಹಾಕಿ ನೀರೆರೆಯದ ದೋಷ. ನಮ್ಮಜ್ಜಿ ಮಾತ್ರ, ಮಗು ತಾಯಿಯ ಮುಖ ಗುರುತು ಹಿಡಿದು ನಗಲು ಶುರು ಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ ಹೇಳುತ್ತಿದ್ದಳು. ಮೂರು ಜನರಲ್ಲಿ ಸತ್ಯಕ್ಕೆ ಹತ್ತಿರ ಇದ್ದವಳು ಅಜ್ಜಿಯೇ. ಕಾರಣ ತಪ್ಪು, ಆದರೆ ಅವಳು ಹೇಳಿದ ಹೊತ್ತು ಸರಿ.

ತಲೆಯ ಒಂದೊಂದು ಕೂದಲಿಗೂ ಅದರದ್ದೇ ಆಯಸ್ಸು. ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಬೆಳೆಯುವುದನ್ನು ನಿಲ್ಲಿಸಿ ಮೂರು ತಿಂಗಳಷ್ಟು ಕಾಲ ಬುಡದಲ್ಲಿ ಸುಮ್ಮನೆ ಕೂತು, ಕೊನೆಗೆ ಉದುರುತ್ತದೆ. ಒಂದೊಂದರ ಸರದಿ ಒಂದೊಂದು ದಿನ ಬರುವುದರಿಂದ ದಿನಕ್ಕೆ 50ರಿಂದ 100 ಕೂದಲು ಹೋದರೂ ನಮಗೆ ಗೊತ್ತಾಗುವುದಿಲ್ಲ. ಬಸುರಿಯಾದಾಗ ಈಸ್ಟ್ರೋಜನ್ ಹಾರ್ಮೋನು ಏರಿ, ಬೆಳೆಯುತ್ತಿರುವ ಕೂದಲನ್ನು ಬೆಳೆಯುತ್ತಲೇ ಇರುವಂತೆ ಹಿಡಿದಿಡುತ್ತದೆ. ಉದುರಬೇಕಾದವು ಉದುರುವುದಿಲ್ಲ. ಏಳೆಂಟು ತಿಂಗಳ ಬಸುರಿಯ ಜಡೆ ದಪ್ಪಗೆ ಕಾಣುವುದು ಅದಕ್ಕೇ. ಹೆರಿಗೆಯಾದ ಕೂಡಲೇ ಆ ಹಾರ್ಮೋನು ಇಳಿಯುತ್ತದೆ, ಬಾಕಿ ಉಳಿದ ಕೂದಲೆಲ್ಲ ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಮೂರು ತಿಂಗಳು ಕೂತು ಒಟ್ಟಿಗೇ ಉದುರುತ್ತವೆ. ಡಾಕ್ಟರುಗಳು ಇದಕ್ಕೆ ಟೆಲೋಜನ್ ಎಫ್ಲುವಿಯಂ ಅನ್ನುತ್ತಾರೆ. ಎರಡರಿಂದ ನಾಲ್ಕನೇ ತಿಂಗಳೊಳಗೆ ಶುರುವಾಗಿ, ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಹೆಚ್ಚಾಗಿ, ಹೆಚ್ಚಿನವರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ತಹಬಂದಿಗೆ ಬರುತ್ತದೆ.

ಈಗ ಲೆಕ್ಕ ಹಾಕಿ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗುವುದು ಯಾವಾಗ? ಮೂರು ತಿಂಗಳಿಗೆ, ಇಲ್ಲ ಐದಕ್ಕೆ. ಕೂದಲು ಉದುರುವುದೂ ಆಗಲೇ. ಹಾಗಾಗಿ ನಮ್ಮಲ್ಲಿ ತಲೆತಲಾಂತರದಿಂದ ಗಂಡನ ಮನೆಯ ಬಾವಿ ನೀರು ಸುಮ್ಮನೆ ಬೈಸಿಕೊಳ್ಳುತ್ತಾ ಬಂದಿದೆ. ತವರಿನಲ್ಲೇ ಇದ್ದಿದ್ದರೂ ಈ ಕೂದಲು ಉದುರುತ್ತಿತ್ತು. ಹಾಲು ಕುಡಿಸುವುದು ನಿಲ್ಲಿಸಿದರೆ ಉದುರುವುದೂ ನಿಲ್ಲುತ್ತದೆ ಅನ್ನುವ ಮಾತಿಗೂ ಕಿವಿಗೊಡಬೇಡಿ. ಹಾಲು ಕುಡಿಸದವರಿಗೂ ಇದು ಆಗುತ್ತದೆ.

ಕವರಿನಲ್ಲಿದ್ದ ಮುಷ್ಟಿ ಕೂದಲಿನ ಮಾತಿಗೆ ಬರೋಣ. "ಇದಕ್ಕೆ ಮುಂಚೆ ತಲೆಗೆ ನೀರು ಹಾಕ್ಕೊಂಡಿದ್ದು ಯಾವಾಗ?" ಅಂತ ಕೇಳಿದೆ. ಆರು ದಿನದ ಹಿಂದೆ. ನಮ್ಮ ಮಳೆಗಾಲದಲ್ಲಿ ಸೊಂಟದುದ್ದದ ಕೂದಲು ಒಣಗುವುದು ಸುಲಭವಲ್ಲ, ಬಚ್ಚಲ ಒಲೆಯ ಮುಂದೆ ಅರ್ಧ ದಿನ ಕೂತರೂ ಬುಡ ಹಸಿಯೇ. ಅದಕ್ಕೇ ಎಲ್ಲರೂ ತಲೆಸ್ನಾನ ಮುಂದೂಡುತ್ತಾರೆ. ಕಟ್ಟಿದ ಜಡೆಯಲ್ಲಿ ಸಡಿಲವಾದ ಕೂದಲು ಸಿಕ್ಕಿಕೊಂಡೇ ಇರುತ್ತದೆ, ಆರು ದಿನದ್ದು ಒಂದೇ ಸಲ ಬಚ್ಚಲಲ್ಲಿ ಕೈಗೆ ಬರುತ್ತದೆ. ಅಲ್ಲದೆ ಸೊಂಟದುದ್ದದ ನೂರು ಎಳೆ ಮುಷ್ಟಿ ತುಂಬಿದ ಹಾಗೆ ಭುಜದುದ್ದದ ನೂರು ಎಳೆ ತುಂಬುವುದಿಲ್ಲ.

ಕವರಿನಿಂದ ನಾಲ್ಕೈದು ಎಳೆ ತೆಗೆದು ಬಿಳಿ ಟವೆಲ್ ಮೇಲೆ ಹರಡಿದೆ. ಎಲ್ಲವೂ ಪೂರ್ತಿ ಉದ್ದ, ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು. ಅದನ್ನು ನೋಡಿ ಬೇರೇ ಕಿತ್ತು ಬಂತು ಅಂತ ಗಾಬರಿಯಾಗುವವರೇ ಹೆಚ್ಚು. ಅದು ಬೇರಲ್ಲ, ಆಯಸ್ಸು ಮುಗಿದ ಕೂದಲಿನ ತುದಿಯಷ್ಟೇ. ಕೂದಲು ಹುಟ್ಟುವ ಜಾಗ ಚರ್ಮದೊಳಗೆ ಹಾಗೇ ಇದೆ. ಹಣ್ಣಾದ ಸೋಗೆ ಹಾಳೆ ಸಮೇತ ಬಿದ್ದಾಗ ಅಡಿಕೆ ಮರ ಸತ್ತಿತು ಅಂತ ಯಾರೂ ಅಳುವುದಿಲ್ಲವಲ್ಲ, ಹಾಗೆ. ಅದರ ಬದಲು ಗುಂಡಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದಿದ್ದರೆ ಅದು ಉದುರುವುದಲ್ಲ, ತುಂಡಾಗುವುದು. ಹಸಿ ಕೂದಲು ಬಾಚಿದ್ದಕ್ಕೋ, ಸ್ಟ್ರೇಟನಿಂಗ್ ಮಾಡಿಸಿದ್ದಕ್ಕೋ, ಬಿಗಿ ರಬ್ಬರ್‌ಬ್ಯಾಂಡಿಗೋ ಆಗಿರುತ್ತದೆ. ಅದಕ್ಕೆ ಮದ್ದು ಬೇರೆ.

ಇಷ್ಟು ಹೇಳಿದ್ದು ಯಾಕೆಂದರೆ, ಯಾವ ಕಟ್ಟೂ ಉದುರುವುದನ್ನು ನಿಲ್ಲಿಸುವುದಿಲ್ಲ. ಇವತ್ತು ಉದುರುತ್ತಿರುವ ಕೂದಲಿನ ಹಣೆಬರಹ ಮೂರು ತಿಂಗಳ ಹಿಂದೆಯೇ ಬರೆದಾಗಿದೆ. ಕತ್ತರಿಯಿಂದ ಆಗುವುದು ಎರಡೇ ಕೆಲಸ: ಉಳಿದ ಕೂದಲು ದಟ್ಟವಾಗಿ ಕಾಣುವಂತೆ ಮಾಡುವುದು, ಹುಟ್ಟುವ ಮರಿಗೂದಲಿಗೆ ಸೇರಿಕೊಳ್ಳಲು ಒಂದು ಜಾಗ ಮಾಡಿಕೊಡುವುದು. ಎರಡೂ ಒಂದೇ ದಿನ ಆಗುವ ಕೆಲಸವಲ್ಲ. ಮೊಬೈಲಿನಲ್ಲಿ ಫೋಟೋ ತಂದು ತೋರಿಸುವ ಬಾಣಂತಿಯರನ್ನು ನಾನು ಮೊದಲು ಕೇಳುವುದು ಮಗುವಿಗೆ ಎಷ್ಟು ತಿಂಗಳು ಅಂತ.

ಕತ್ತರಿಸದೇ ಇರುವುದು

ಇದೂ ಒಂದು ಆಯ್ಕೆಯೇ, ಮುಜುಗರಪಡಬೇಕಾಗಿಲ್ಲ. ಉದ್ದ ಜಡೆಯ ಆಸೆ ಇದ್ದವರು, ಮನೆಯಲ್ಲಿ ಕತ್ತರಿ ಅಂದರೆ ಮುಖ ಗಂಟು ಹಾಕುವ ಹಿರಿಯರಿದ್ದವರು ಬೈತಲೆ ಬದಲಿಸಿ ನೋಡಬಹುದು. ಹತ್ತು ವರ್ಷದಿಂದ ಒಂದೇ ಗೆರೆಯಲ್ಲಿ ತೆಗೆದ ಬೈತಲೆ ಈಗ ಅಗಲವಾಗಿ ಕಾಣುತ್ತದೆ. ಅದನ್ನು ಒಂದು ಬೆರಳು ಪಕ್ಕಕ್ಕೆ ಸರಿಸಿದರೆ, ಅಥವಾ ಬಾಚಣಿಗೆಯ ತುದಿಯಿಂದ ಅಂಕುಡೊಂಕಾಗಿ ತೆಗೆದರೆ ನೆತ್ತಿಯ ಚರ್ಮ ಅಷ್ಟು ಕಾಣುವುದಿಲ್ಲ.

ತೊಂದರೆ ಎರಡು. ಒಂದು, ಜಡೆಯ ಕೆಳಭಾಗ ಇಲಿಬಾಲವಾಗುತ್ತದೆ. ಇನ್ನೊಂದು, ತೆಳ್ಳಗಾದ ಜಡೆ ದಪ್ಪ ಕಾಣಲಿ ಅಂತಲೋ, ಮರಿಗೂದಲು ಎದ್ದು ನಿಲ್ಲದಿರಲಿ ಅಂತಲೋ ಎಣ್ಣೆ ಹಚ್ಚಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹಣೆಯ ಎರಡು ಮೂಲೆ ಇವೆಯಲ್ಲ, ಹೊಸ ಕೂದಲು ಎದ್ದು ಕಾಣುವುದೂ ಅಲ್ಲೇ, ಬಿಗಿ ಜಡೆ ಹೆಚ್ಚು ಎಳೆಯುವುದೂ ಅಲ್ಲೇ. ತಿಂಗಳುಗಟ್ಟಲೆ ಹಾಗೆ ಎಳೆದರೆ ಆ ಮೂಲೆಯ ಕೂದಲು ಹಾರ್ಮೋನಿನಿಂದಲ್ಲ, ಎಳೆತದಿಂದಲೇ ಹೋಗುತ್ತದೆ. ವರ್ಷಗಟ್ಟಲೆ ಎಳೆದರೆ ವಾಪಸು ಬರದೆಯೂ ಇರಬಹುದು. ಜಡೆ ಕಟ್ಟಿದ ಮೇಲೆ ಹುಬ್ಬು ಏರಿಸಿ ನೋಡಿ. ಹಣೆಯ ಮೂಲೆಯ ಚರ್ಮ ಜಗ್ಗಿದ ಹಾಗೆ ಅನಿಸಿದರೆ ಬಿಗಿ ಹೆಚ್ಚಾಗಿದೆ.

ಸ್ಟ್ರೇಟ್ ಕಟ್, ಇಲ್ಲವೇ ಸಣ್ಣ ಯು

ಮೂರರಿಂದ ಆರನೇ ತಿಂಗಳಲ್ಲಿ ಬಂದವರಿಗೆ ನಾನು ಹತ್ತಕ್ಕೆ ಎಂಟು ಸಲ ಹೇಳುವುದು ಇದನ್ನೇ. ಎಲ್ಲ ಕೂದಲೂ ಒಂದೇ ಗೆರೆಗೆ ಬಂದು ನಿಂತಾಗ, ಇರುವಷ್ಟು ಎಳೆಯೂ ಆ ಗೆರೆಯಲ್ಲಿ ಸೇರಿ ತುದಿ ದಪ್ಪಗೆ ಕಾಣುತ್ತದೆ. ಅರ್ಧದಷ್ಟು ಎಳೆ ಬೆನ್ನಿಗೆ, ಉಳಿದರ್ಧ ಸೊಂಟಕ್ಕೆ ನಿಂತರೆ ಬೆನ್ನಿನಿಂದ ಕೆಳಗಿನದೆಲ್ಲ ಜಾಲರಿಯ ಹಾಗೆ ಕಾಣುತ್ತದೆ.

ಎಷ್ಟು ಕತ್ತರಿಸಬೇಕು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ. ಕೂದಲನ್ನು ಕುತ್ತಿಗೆಯ ಹತ್ತಿರ ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನ ಉಂಗುರದಲ್ಲಿ ಅದನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸುತ್ತಾ ಹೋಗಿ. ಕುತ್ತಿಗೆಯ ಹತ್ತಿರ ಇದ್ದ ದಪ್ಪ ಎಲ್ಲಿ ಅರ್ಧಕ್ಕೆ ಇಳಿಯುತ್ತದೋ ಅಲ್ಲಿ ಕತ್ತರಿಸಿ. ನನ್ನ ಅಕ್ಕನ ಮಗಳದ್ದು ಸೊಂಟದಿಂದ ಒಂದು ಗೇಣು ಮೇಲೆಯೇ ಅರ್ಧವಾಗಿತ್ತು. ಅಲ್ಲಿಂದ ಇನ್ನೂ ನಾಲ್ಕು ಬೆರಳು ಮೇಲೆ, ಬೆನ್ನಿನ ರೆಕ್ಕೆಮೂಳೆ ಮುಗಿಯುವಲ್ಲಿ ಕತ್ತರಿಸಿದೆ. ಇಷ್ಟು ಉದ್ದ ಇದ್ದರೆ ಜಡೆ ಹಾಕಬಹುದು, ಕ್ಲಿಪ್ ಹಾಕಬಹುದು, ಹಬ್ಬದ ದಿನ ಒಂದು ಮೊಳ ಮಲ್ಲಿಗೆಯನ್ನೂ ಮುಡಿಯಬಹುದು. ಒಣಗಲು ಬೇಕಾಗುವ ಹೊತ್ತೂ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಜಡಿಮಳೆಯಲ್ಲಿ ಈ ಲಾಭ ಸಣ್ಣದಲ್ಲ.

ಪಾರ್ಲರಿನಲ್ಲಿ ಒಂದು ಮಾತು ಮೊದಲೇ ಹೇಳಿಬಿಡಿ: ಹಲ್ಲಿನ ಕತ್ತರಿ ಬೇಡ. ಬಾಚಣಿಗೆಯ ಹಾಗೆ ಹಲ್ಲಿರುವ ಆ ಕತ್ತರಿ ಇರುವುದೇ ದಪ್ಪ ಕೂದಲನ್ನು ತೆಳ್ಳಗೆ ಮಾಡಲು. ಕೈ ರೂಢಿಯಿಂದ ಕೊನೆಯಲ್ಲಿ ಎರಡು ಸಲ ಅದನ್ನು ಆಡಿಸಿಬಿಡುತ್ತಾರೆ, ಅಲ್ಲಿಗೆ ದಪ್ಪ ಗೆರೆ ಹೋಯಿತು.

ಊರಿನಲ್ಲಿ ಪಾರ್ಲರ್ ಇಲ್ಲದವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಕಟ್ ಅಂದರೆ ಇದೊಂದೇ. ಆದರೆ ಒಬ್ಬರೇ ಕನ್ನಡಿ ಮುಂದೆ ನಿಂತು, ಕೂದಲನ್ನು ಎರಡು ಭಾಗ ಮಾಡಿ ಭುಜದ ಮೇಲಿಂದ ಮುಂದಕ್ಕೆ ತಂದು ಕತ್ತರಿಸಬೇಡಿ. ಬೆನ್ನಿನ ನಡುವಿನ ಕೂದಲು ಮುಂದಕ್ಕೆ ಬರಲು ಹೆಚ್ಚು ದೂರ ಸುತ್ತಬೇಕು. ಹಾಗಾಗಿ ಹಿಂದಕ್ಕೆ ಹಾಕಿದಾಗ ನಡುವಿನದು ಉದ್ದ ಉಳಿದು, ಸ್ಟ್ರೇಟ್ ಬೇಕೆಂದವರಿಗೆ ವಿ ಆಗಿರುತ್ತದೆ. ಅತ್ತಿಗೆಯನ್ನೋ ನಾದಿನಿಯನ್ನೋ ಹಿಂದೆ ನಿಲ್ಲಿಸಿ. ಕೂದಲು ಒದ್ದೆ ಮಾಡಿ ಸಿಕ್ಕು ಬಿಡಿಸಿ ಬೆನ್ನಿನ ಮೇಲೆ ನೇರ ಬಾಚಿಸಿ, ಕತ್ತು ಬಗ್ಗಿಸದೆ ಎದುರಿನ ಗೋಡೆ ನೋಡುತ್ತಾ ಕೂತುಕೊಳ್ಳಿ. ಬೇಕಾದ ಉದ್ದಕ್ಕಿಂತ ಎರಡು ಬೆರಳು ಕೆಳಗೆ ಮೊದಲು ಕತ್ತರಿಸಿ, ಒಣಗಿದ ಮೇಲೆ ಗೆರೆ ಸರಿಮಾಡಿ. ಒಣಗಿದಾಗ ಕೂದಲು ಮೇಲೇರುತ್ತದೆ, ಗುಂಗುರು ಕೂದಲಾದರೆ ಇನ್ನೂ ಹೆಚ್ಚು. ಸೊಪ್ಪು ಹೆಚ್ಚುವ, ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ಬೇಡ. ಮೊಂಡು ಕತ್ತರಿ ಕೂದಲನ್ನು ಕತ್ತರಿಸುವುದಿಲ್ಲ, ಮಡಚಿ ಜಗಿಯುತ್ತದೆ.

ಸ್ಟೆಪ್, ಲೇಯರ್, ವಿ ಕಟ್

ಇಲ್ಲಿ ನಾನೇ ಮಾಡಿದ ತಪ್ಪನ್ನು ಹೇಳಬೇಕು. ಕೆಲಸ ಕಲಿತ ಹೊಸತರಲ್ಲಿ, ಲೇಯರ್ ಮಾಡಿದರೆ ಕೂದಲು ಉಬ್ಬಿ ನಿಂತು ದಟ್ಟವಾಗಿ ಕಾಣುತ್ತದೆ ಅಂತ ನಂಬಿದ್ದೆ. ದಪ್ಪ ಕೂದಲಿನವರಲ್ಲಿ ಅದು ನಿಜವೂ ಹೌದು. ಅದೇ ನಂಬಿಕೆಯ ಮೇಲೆ ನಾಲ್ಕು ತಿಂಗಳ ಬಾಣಂತಿಯೊಬ್ಬರಿಗೆ ಗಲ್ಲದಿಂದ ಶುರುವಾಗುವ ಸ್ಟೆಪ್ ಕಟ್ ಮಾಡಿದೆ. ಆ ದಿನ ಡ್ರೈಯರ್ ಹಿಡಿದು ಕಳಿಸಿದಾಗ ಚೆನ್ನಾಗೇ ಇತ್ತು. ಎರಡು ತಿಂಗಳ ಮೇಲೆ ಅವರು ಬಂದಾಗ ಮೇಲಿನ ಸ್ಟೆಪ್ ಗಲ್ಲದ ಹತ್ತಿರ, ಕೆಳಗೆ ನಾಲ್ಕು ಎಳೆ ಬೆನ್ನ ಮೇಲೆ, ಹಣೆಯಲ್ಲಿ ಒಂದು ಇಂಚಿನ ಮರಿಗೂದಲು. ಮೂರು ಉದ್ದ, ಮೂರಕ್ಕೂ ಸಂಬಂಧವಿಲ್ಲ. ಜಡೆ ಹಾಕಿದರೆ ಸ್ಟೆಪ್‌ಗಳು ಅಲ್ಲಲ್ಲಿ ಮುಳ್ಳಿನ ಹಾಗೆ ಹೊರಗೆ ಚಾಚುತ್ತಿದ್ದವು. ಒಂದು ವರ್ಷ ಪಿನ್ನಿನಲ್ಲೇ ಕಳೆದರಂತೆ.

ಕಾರಣ ಸರಳ. ಲೇಯರ್ ಅಂದರೆ ಇರುವ ಕೂದಲನ್ನು ಮೇಲಿನಿಂದ ಕೆಳಗೆ ಹಂಚುವುದು. ಹಂಚಲು ಮೊದಲು ಕೈಯಲ್ಲಿ ಇರಬೇಕಲ್ಲ? ಅದೂ ಉದುರುವುದು ಇನ್ನೂ ಮುಗಿಯದಿರುವಾಗ, ಕೊನೆಗೆ ಎಷ್ಟು ಉಳಿಯುತ್ತದೆ ಅಂತ ತಿಳಿಯದೆ ಹಂಚುವುದು. ಬಸುರಿಗೆ ಮುಂಚೆಯೇ ತುಂಬಾ ದಪ್ಪ ಇದ್ದು, ಈಗಲೂ ಕುತ್ತಿಗೆಯ ಹತ್ತಿರ ಹಿಡಿದರೆ ಬೆರಳಿನ ಉಂಗುರ ತುಂಬುವಷ್ಟು ಇದ್ದರೆ, ಭುಜಕ್ಕಿಂತ ಕೆಳಗೆ ಶುರುವಾಗುವ ಒಂದೇ ಒಂದು ಉದ್ದ ಲೇಯರ್ ಮಾಡಿಸಬಹುದು. ಉಳಿದವರು ಮಗುವಿಗೆ ವರ್ಷ ತುಂಬಲಿ, ಆಮೇಲೆ ಯೋಚಿಸಿ.

ಬಾಬ್ ಕಟ್, ಮುಡಿ ಕೊಡುವುದು

ಬಾಬ್ ದಟ್ಟವಾಗಿ ಕಾಣುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಗಲ್ಲದುದ್ದದ ಕೂದಲನ್ನು ಕಟ್ಟಲು ಬರುವುದಿಲ್ಲ. ಹಾಲು ಕುಡಿಸಲು ಬಗ್ಗಿದಾಗಲೆಲ್ಲ ಮಗುವಿನ ಮುಖದ ಮೇಲೆ, ಅನ್ನ ಕಲಸುವಾಗ ತಟ್ಟೆಯ ಮೇಲೆ ಬೀಳುತ್ತದೆ. ನಾಲ್ಕು ತಿಂಗಳ ಮಗುವಿನ ಮುಷ್ಟಿಗೆ ಸಿಗುವುದೂ ಅದೇ. ಆರರಿಂದ ಎಂಟು ವಾರಕ್ಕೊಮ್ಮೆ ಟ್ರಿಮ್ ಮಾಡಿಸದಿದ್ದರೆ ಆಕಾರ ಕೆಡುತ್ತದೆ, ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಕೈಗೂಸು ಎತ್ತಿಕೊಂಡು ಅಷ್ಟಕ್ಕೇ ಬಸ್ಸು ಹತ್ತುವವರು ಯಾರು? ಮೊದಲಿನಿಂದಲೂ ಬಾಬ್ ಇಟ್ಟುಕೊಂಡವರು ಮುಂದುವರಿಸಿ. ಉದುರುತ್ತಿದೆ ಅನ್ನುವ ಸಿಟ್ಟಿನಲ್ಲಿ ಸೊಂಟದಿಂದ ಗಲ್ಲಕ್ಕೆ ಒಂದೇ ಏಟಿಗೆ ಇಳಿಯಬೇಡಿ. ಮತ್ತೆ ಬೆನ್ನು ಮುಟ್ಟಲು ಎರಡು ವರ್ಷ ಬೇಕು.

ಹರಕೆಗೆ ಮುಡಿ ಕೊಡುವವರು ಕೊಡಲಿ, ಅದು ದೇವರಿಗೂ ನಿಮಗೂ ಬಿಟ್ಟಿದ್ದು. ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವ ಕಾರಣಕ್ಕೆ ಮಾತ್ರ ಬೇಡ. ಹೊಸದಾಗಿ ಹುಟ್ಟಿದ ಕೂದಲಿನ ತುದಿ ಚೂಪು, ಬೋಳಿಸಿ ಬೆಳೆದದ್ದರ ತುದಿ ಮೊಂಡು, ಅದಕ್ಕೇ ಕೈಗೆ ಒರಟಾಗಿ ದಪ್ಪ ಅನಿಸುತ್ತದೆ. ಚರ್ಮದ ಕೆಳಗಿನ ಬುಡಕ್ಕೆ ಬ್ಲೇಡು ಮುಟ್ಟಿರುವುದೇ ಇಲ್ಲ.

ಮುಂದೆ ಫ್ಲಿಕ್ಸ್: ಯಾವಾಗ, ಎಷ್ಟು

ಐದಾರನೇ ತಿಂಗಳಲ್ಲಿ ಹಣೆಯ ಅಂಚಿನಲ್ಲಿ, ಮುಖ್ಯವಾಗಿ ಎರಡು ಮೂಲೆಗಳಲ್ಲಿ, ಗಿಡ್ಡ ಕೂದಲು ಎದ್ದು ನಿಲ್ಲುತ್ತದೆ. ತುಂಡಾಯಿತು ಅಂತ ಕೆಲವರು ಅದನ್ನು ಕತ್ತರಿಸಿಕೊಂಡು ಬರುತ್ತಾರೆ. ಬೇಡ ಮಹರಾಯ್ತಿ, ಕಾಯುತ್ತಿದ್ದದ್ದು ಅದಕ್ಕೇ. ಬೆರಳಲ್ಲಿ ಹಿಡಿದು ನೋಡಿ, ತುದಿ ಚೂಪಾಗಿ ನುಣುಪಾಗಿದ್ದರೆ ಹೊಸದು. ತುದಿ ಮೊಂಡಾಗಿ ಸೀಳಿದ್ದರೆ ತುಂಡಾದದ್ದು.

ಇದು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರ್, ಸ್ವಲ್ಪ ಹೆಚ್ಚೆಂದರೂ ಒಂದೂಕಾಲು. ಹಣೆಯ ಮೇಲಂಚಿನಿಂದ ಹುಬ್ಬಿಗೆ ಸುಮಾರು 6 ಸೆಂಟಿಮೀಟರ್, ಮೂಗಿನ ತುದಿಗೆ 11 ಅಥವಾ 12, ಗಲ್ಲಕ್ಕೆ 18 ಇರಬಹುದು. ಅಂದರೆ ಐದನೇ ತಿಂಗಳಲ್ಲಿ ಹುಟ್ಟಿದ ಕೂದಲು ಮಗುವಿಗೆ ಹತ್ತು, ಹನ್ನೊಂದು ತಿಂಗಳಾದಾಗ ಹುಬ್ಬು ಮುಟ್ಟುತ್ತದೆ, ಒಂದೂವರೆ ವರ್ಷ ಆಗುವಷ್ಟರಲ್ಲಿ ಮೂಗಿನ ತುದಿಗೆ ಬರುತ್ತದೆ. ಫ್ಲಿಕ್ಸ್, ಅಂದರೆ ಮುಖದ ಎರಡೂ ಬದಿಗೆ ಬೀಳುವಂತೆ ಗಿಡ್ಡ ಕತ್ತರಿಸಿದ ಮುಂದಿನ ಕೂದಲು, ಮಾಡಿಸುವ ಲೆಕ್ಕವೆಲ್ಲ ಈ ಅಳತೆಯ ಮೇಲೆ.

ಮರಿಗೂದಲು ಒಂದೆರಡು ಸೆಂಟಿಮೀಟರ್ ಇರುವಾಗ ಅದರ ಜೊತೆ ಏನನ್ನೂ ಸೇರಿಸಲು ಆಗುವುದಿಲ್ಲ, ಅದು ನೆಟ್ಟಗೆ ನಿಲ್ಲುತ್ತದೆ. ಆಗ ಮೇಲಿನಿಂದ ಮುಚ್ಚುವುದೊಂದೇ ದಾರಿ. ಹಳೆಯ ಉದ್ದ ಕೂದಲಿನಲ್ಲಿ ಮುಂದಿನ ಸ್ವಲ್ಪವನ್ನು ತೆಗೆದು, ತುಟಿಯ ಮಟ್ಟಕ್ಕೆ ಕತ್ತರಿಸಿ, ಎರಡೂ ಬದಿಗೆ ಪರದೆಯ ಹಾಗೆ ಬಿಡುವುದು. ತುಟಿಯ ಮಟ್ಟ ಅಂತ ಯಾಕೆ ಹೇಳುತ್ತೇನೆಂದರೆ, ಅದಕ್ಕಿಂತ ಗಿಡ್ಡ ಮಾಡಿದರೆ ಕಿವಿಯ ಹಿಂದೆ ಸಿಗಿಸಲು ಬರುವುದಿಲ್ಲ, ದಿನವಿಡೀ ಕಣ್ಣಿಗೆ ಬೀಳುತ್ತದೆ.

ತೆಗೆಯುವ ಕೂದಲಿನ ಪ್ರಮಾಣದಲ್ಲೇ ಹೆಚ್ಚಿನ ಫ್ಲಿಕ್ಸ್ ಕೆಡುವುದು. ಬೈತಲೆಯ ಮೇಲೆ ಹಣೆಯಂಚಿನಿಂದ ಎರಡು ಬೆರಳು ಹಿಂದಕ್ಕೆ ಒಂದು ಚುಕ್ಕೆ, ಎರಡು ಹುಬ್ಬಿನ ಹೊರತುದಿಯ ನೇರಕ್ಕೆ ಹಣೆಯಂಚಿನಲ್ಲಿ ಒಂದೊಂದು ಚುಕ್ಕೆ. ಈ ಮೂರನ್ನು ಸೇರಿಸಿದ ತ್ರಿಕೋನದ ಒಳಗಿನದಷ್ಟೇ ಸಾಕು. ದಟ್ಟವಾಗಿ ಬರಲಿ ಅಂತ ತ್ರಿಕೋನವನ್ನು ಕಿವಿಯ ಕಡೆಗೆ ಅಗಲ ಮಾಡಿದರೆ, ಮೊದಲೇ ತೆಳ್ಳಗಾದ ಹಣೆಯ ಮೂಲೆಯಿಂದ ಉಳಿದದ್ದನ್ನೂ ಮುಂದಕ್ಕೆ ಎಳೆದಂತಾಯಿತು. ಆಮೇಲೆ ಜಡೆ ಹಾಕಿದಾಗ ಕಿವಿಯ ಮೇಲೆ ಬೋಳು ಕಾಣುತ್ತದೆ. ಹಣೆಗೆ ಅಡ್ಡಲಾಗಿ ನೇರ ಕತ್ತರಿಸುವ ಬ್ಯಾಂಗ್ಸ್ ಕೂಡ ಈಗ ಬೇಡ, ಅದಕ್ಕೆ ತುಂಬಾ ಕೂದಲು ಬೇಕು. ನಮ್ಮ ತೇವದ ಹವೆಯಲ್ಲಿ ಅದು ಬೆಳಿಗ್ಗೆ ನೇರ ಇದ್ದದ್ದು ಮಧ್ಯಾಹ್ನಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ.

ನನ್ನ ಅಕ್ಕನ ಮಗಳಿಗೆ ಜುಲೈಯಲ್ಲಿ ಫ್ಲಿಕ್ಸ್ ಮಾಡಲಿಲ್ಲ. ಹಿಂದೆ ಸ್ಟ್ರೇಟ್ ಕಟ್, ಬೈತಲೆ ಒಂದು ಬೆರಳು ಎಡಕ್ಕೆ, ಸಡಿಲ ಜಡೆಗೆ ಬಟ್ಟೆ ಸುತ್ತಿದ ರಬ್ಬರ್‌ಬ್ಯಾಂಡ್, ಅಷ್ಟೇ. ದೀಪಾವಳಿಗೆ ಬಂದಾಗ ಮಗುವಿಗೆ ಏಳು ತಿಂಗಳು, ಉದುರುವುದು ಇಳಿಮುಖವಾಗಿತ್ತು, ಹಣೆಯಲ್ಲಿ ಎರಡು ಸೆಂಟಿಮೀಟರಿನ ಮರಿಗೂದಲು ದರ್ಭೆಯ ಹಾಗೆ ನಿಂತಿತ್ತು. ಆಗ ತ್ರಿಕೋನ ತೆಗೆದು ತುಟಿಯ ಮಟ್ಟಕ್ಕೆ ಫ್ಲಿಕ್ಸ್ ಮಾಡಿದೆ. ಒದ್ದೆಯಲ್ಲಿ ಗಲ್ಲದ ಮಟ್ಟಕ್ಕೆ ಕತ್ತರಿಸಿದ್ದು ಒಣಗಿ ತುಟಿಗೆ ಬಂತು. ಮರಿಗೂದಲನ್ನು ಕೂರಿಸಲು ಅವಳು ಅಲೋವೆರಾ ಜೆಲ್ ತಂದಿದ್ದಳು. ಕಡಲೆಕಾಳಿನಷ್ಟು ಸಾಕು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸವರಿ ಪಕ್ಕಕ್ಕೆ ಬಾಚಿದರೆ ಕೂರುತ್ತದೆ. ಎಣ್ಣೆ ಹಚ್ಚಿದರೂ ಕೂರುತ್ತದೆ, ಆದರೆ ಎಣ್ಣೆಗೆ ಎಳೆಗಳು ಒಂದಕ್ಕೊಂದು ಅಂಟಿ ನಡುವೆ ಚರ್ಮ ಕಾಣುತ್ತದೆ. ತೆಳ್ಳಗಿರುವಾಗ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿ, ದಾಸವಾಳ ಸೊಪ್ಪಿನ ಗೊಂಪಿನಲ್ಲಿ ತೊಳೆದುಬಿಡುವುದು ವಾಸಿ. ಎಣ್ಣೆ, ಗೊಂಪು ಎರಡೂ ಕೂದಲನ್ನು ನುಣುಪಾಗಿಸುತ್ತವೆ, ಉದುರುವುದನ್ನು ನಿಲ್ಲಿಸಲಾರವು. ಒಂದು ಬಾಟಲಿಗೆ ಸಾವಿರ ರೂಪಾಯಿ ಕೊಟ್ಟ ಎಣ್ಣೆಯೂ ಅಷ್ಟೇ. ಆರನೇ ತಿಂಗಳಲ್ಲಿ ಹಚ್ಚಲು ಶುರು ಮಾಡಿ ಎಂಟನೇ ತಿಂಗಳಲ್ಲಿ ನಿಂತಿತು ಅನ್ನುವವರಿಗೆ ಹಚ್ಚದಿದ್ದರೂ ನಿಲ್ಲುತ್ತಿತ್ತು.

ಕತ್ತರಿ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾದದ್ದು

ಎಲ್ಲ ಉದುರುವಿಕೆಯೂ ಬಾಣಂತನದ್ದೇ ಅಂತ ಬಿಡುವ ಹಾಗಿಲ್ಲ. ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿದ್ದರೆ, ನೆತ್ತಿಯಲ್ಲಿ ಕೆಂಪು, ಹಕ್ಕಳೆ, ನೋವು ಇದ್ದರೆ, ಮಗುವಿಗೆ ವರ್ಷ ದಾಟಿದರೂ ಉದುರುವುದು ಇಳಿಯದಿದ್ದರೆ ನಾನು ಕುರ್ಚಿಯ ಮೇಲೆ ಕೂರಿಸುವುದೇ ಇಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ ಬನ್ನಿ ಅನ್ನುತ್ತೇನೆ. ಕೂದಲಿನ ಜೊತೆಗೆ ಎದೆ ಡವಡವ ಅನ್ನುವುದು, ವಿಪರೀತ ಸುಸ್ತು, ಎಲ್ಲರಿಗೂ ಸೆಕೆ ಆಗುವಾಗ ಚಳಿ, ಇಲ್ಲ ಚಳಿಯಲ್ಲಿ ಬೆವರು, ಇವಿದ್ದರೆ ಥೈರಾಯ್ಡ್ ನೋಡಿಸಬೇಕು. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತಪರೀಕ್ಷೆಗೆ ಮುಂಚೆ ಅದನ್ನು ಡಾಕ್ಟರಿಗೆ ಹೇಳಿ, ಅದರಿಂದ ಥೈರಾಯ್ಡಿನ ರಿಪೋರ್ಟ್ ತಪ್ಪು ಬರುವುದುಂಟು. ಕೂದಲು ಬೆಳೆಸುವ ಮಿನಾಕ್ಸಿಡಿಲ್‌ನಂಥ ಔಷಧಿಯನ್ನು ಹಾಲು ಕುಡಿಸುವಾಗ ಅಂಗಡಿಯಿಂದ ನೀವೇ ತಂದು ಹಚ್ಚಬೇಡಿ.

ರಕ್ತ ಕಡಿಮೆಯಾಗಿದ್ದರೂ ಉದುರುವುದು ಹೆಚ್ಚು ದಿನ ಎಳೆಯುತ್ತದೆ. ಸರ್ಕಾರದಿಂದ ಬಾಣಂತಿಗೆ ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಆಶಾ ಕಾರ್ಯಕರ್ತೆ ತಂದುಕೊಟ್ಟದ್ದು ಎಷ್ಟೋ ಮನೆಗಳಲ್ಲಿ ಗೋಡೆಗೂಡಿನಲ್ಲೇ ಉಳಿದಿರುತ್ತದೆ. ನುಂಗುವವರೂ ಬೆಳಗಿನ ಕಾಫಿಯ ಜೊತೆ ನುಂಗುತ್ತಾರೆ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆ ಬಿಡಿ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಪಥ್ಯದ ಹೆಸರಿನಲ್ಲಿ ಬರೀ ಮೆಣಸಿನ ಸಾರು ಅನ್ನದಲ್ಲಿ ತಿಂಗಳುಗಟ್ಟಲೆ ಕಳೆದವರಿಗೆ ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು ಮತ್ತೆ ತಟ್ಟೆಗೆ ಬರಬೇಕು.

ಇನ್ನೊಂದು, ಇದು ತಾಯಿಯದಲ್ಲ, ಮಗುವಿನದು. ಉದುರಿದ ಉದ್ದ ಕೂದಲು ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ, ಗಂಡುಮಗುವಾದರೆ ಮೂತ್ರದ ಜಾಗಕ್ಕೋ ಸುತ್ತಿಕೊಂಡು ದಾರದ ಹಾಗೆ ಬಿಗಿಯುವುದುಂಟು. ನಮ್ಮಲ್ಲಿ ಮಳೆ ಚಳಿಗೆ ಕಾಲುಚೀಲ, ಕೈಗವಸು ಹಾಕಿಯೇ ಇಡುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಾಲುಚೀಲವನ್ನು ಪ್ರತಿ ಸಲ ಒಳಗು ಹೊರಗು ತಿರುಗಿಸಿ ಕೊಡವಿ ಹಾಕಿ. ಮಗು ಹಾಲು, ಬಟ್ಟೆ, ನಿದ್ದೆ ಯಾವುದಕ್ಕೂ ಸುಮ್ಮನಾಗದೆ ಅಳುತ್ತಿದ್ದರೆ ಬೆರಳುಗಳನ್ನೊಮ್ಮೆ ಬಿಡಿಸಿ ನೋಡಿ. ಬೆರಳು ಕೆಂಪಾಗಿ ಊದಿ ನಡುವೆ ಸಣ್ಣ ಗೀರು ಕಂಡು, ಕೂದಲು ಸುಲಭವಾಗಿ ಬಿಡಿಸಲು ಬಾರದಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಕೂದಲು ಬಿಟ್ಟು ಮಲಗಬೇಡಿ ಅಂತ ನಾನು ಬಾಣಂತಿಯರಿಗೆ ಹೇಳುವುದು, ಬಾಬ್‌ಗಿಂತ ಕಟ್ಟಲು ಬರುವ ಉದ್ದವೇ ಒಳ್ಳೆಯದು ಅನ್ನುವುದು ಈ ಕಾರಣಕ್ಕೂ ಹೌದು.

ಮಾರ್ಚಿನಲ್ಲಿ ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ ಅವಳು ಮತ್ತೆ ಬಂದಳು. ಮರಿಗೂದಲು ಹುಬ್ಬು ದಾಟಿ ರೆಪ್ಪೆಗೆ ತಾಗುತ್ತಿತ್ತು. ದೀಪಾವಳಿಯ ಫ್ಲಿಕ್ಸ್ ಬೆಳೆದು ಗಲ್ಲ ದಾಟಿತ್ತು. ಅದನ್ನು ಕೆನ್ನೆಮೂಳೆಯ ಮಟ್ಟದಿಂದ ಭುಜದ ಕಡೆಗೆ ಇಳಿಜಾರಾಗಿ ಕತ್ತರಿಸಿ, ಮರಿಗೂದಲನ್ನು ಮುಟ್ಟದೆ ಪಕ್ಕಕ್ಕೆ ಬಾಚಿದಾಗ ಎರಡೂ ಮೊದಲ ಸಲ ಒಂದಕ್ಕೊಂದು ಸೇರಿದವು. ಹಿಂದಿನ ಗೆರೆಯಿಂದ ಒಂದು ಇಂಚು ತೆಗೆದೆ. ಅವಳು ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿ ನೋಡಿಕೊಂಡು, "ಈಗಾದ್ರೂ ಸ್ಟೆಪ್ ಮಾಡ್ತೀಯಾ ಚಿಕ್ಕಮ್ಮ?" ಅಂದಳು. ಮರಿಗೂದಲು ಮೂಗಿಗೆ ಬರಲಿ, ಗಣಪತಿ ಹಬ್ಬಕ್ಕೆ ಬಾ ಅಂದೆ.